ತ್ರಿಶಂಕುವಿನಲ್ಲಿ ನಲವತ್ತು ಸಾವಿರ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಸಪ್ತಾಹ ಎಂದೇ ಕರೆಯುತ್ತಿದ್ದರು. ಹೊಸದಾಗಿ ಸೇರಿದವರು ಅದೇ ಅವಳ ಹೆಸರು ಎಂದು ತಿಳಿದುಕೊಳ್ಳುತ್ತಿದ್ದರು. ಹನ್ನೊಂದು ವರ್ಷದಿಂದ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ದಿನಕ್ಕೆ ಎಂಬತ್ತು ಜನರಿಗೆ, "ಏಳು ಕೆಲಸದ ದಿನಗಳೊಳಗೆ ನಿಮ್ಮ ಹಣ ಬರುತ್ತೆ ಮೇಡಂ" ಎಂದು ಹೇಳಿದವಳಿಗೆ ಬೇರೆ ಹೆಸರು ಹೇಗೆ ನಿಂತೀತು? ಆ ಮಾತನ್ನು ಹೇಳುವಾಗ ಅವಳ ದನಿ ಎಷ್ಟು ಮೆತ್ತಗಿರುತ್ತಿತ್ತೆಂದರೆ, ಬೈಯಲು ಫೋನ್ ಮಾಡಿದವರು ಕೊನೆಗೆ ಅವಳಿಗೇ ಥ್ಯಾಂಕ್ಸ್ ಹೇಳಿ ಇಡುತ್ತಿದ್ದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವುದು ಅಂತಾರಲ್ಲ, ಅದು ಅವಳಿಗೆ ಹುಟ್ಟಿನಿಂದ ಬಂದಿತ್ತು.

ಅದೊಂದು ಆನ್‌ಲೈನ್ ಅಂಗಡಿ. ಸೂಜಿಯಿಂದ ಫ್ರಿಜ್ಜಿನವರೆಗೆ ಎಲ್ಲ ಮಾರುತ್ತಿತ್ತು. ದೂರು ಕೇಳುವ ವಿಭಾಗ ನಾಲ್ಕನೇ ಮಹಡಿಯಲ್ಲಿ. ಉದ್ದ ಮೇಜುಗಳು, ಮೇಜಿಗೆ ಆರು ಜನ, ಮಧ್ಯೆ ಬಟ್ಟೆ ಹೊದೆಸಿದ ಮೋಟು ಹಲಗೆಗಳು. ಒಳಗೆ ಬರುವ ಮುಂಚೆ ಸ್ವಂತ ಫೋನನ್ನು ಕಬ್ಬಿಣದ ಗೂಡಿನಲ್ಲಿಟ್ಟು ಬೀಗ ಹಾಕಬೇಕು. ಸಪ್ತಾಹ ಕೂರುತ್ತಿದ್ದುದು ಕಿಟಕಿಯ ಪಕ್ಕದ ಮೇಜಿನಲ್ಲಿ. ಅವಳ ಮೇಜಿಗೆ ಬರುತ್ತಿದ್ದ ಕರೆಗಳೆಲ್ಲ ಒಂದೇ ಜಾತಿಯವು: ಅರ್ಧ ದುಡ್ಡು ಒಂದು ಕಡೆಯಿಂದ, ಇನ್ನರ್ಧ ಇನ್ನೊಂದು ಕಡೆಯಿಂದ ಕೊಡಲು ಹೋಗಿ ನಡುವೆ ಸಿಕ್ಕಿಬಿದ್ದವರದು.

ವಿಷಯ ಇಷ್ಟೇ. ಅಂಗಡಿಯದೇ ಒಂದು ವಾಲೆಟ್ ಇದೆ. ಅದರಲ್ಲಿರುವ ದುಡ್ಡು ಸಾಮಾನಿಗೆ ಸಾಲದಿದ್ದರೆ ಉಳಿದದ್ದನ್ನು ಬ್ಯಾಂಕ್ ಕಾರ್ಡಿನಿಂದ ಕೊಡಬಹುದು. ವಾಲೆಟ್ ಮನೆಯದೇ ಆದ್ದರಿಂದ ಅದರ ದುಡ್ಡನ್ನು ಮೊದಲು ಎತ್ತಿಡುತ್ತಾರೆ. ಆಮೇಲೆ ಬ್ಯಾಂಕ್ ಫೋನಿಗೆ ಕೋಡ್ ಕಳಿಸುತ್ತದೆ. ಕೋಡ್ ಹಾಕುವುದು ತಡವಾಯಿತೋ, ಬ್ಯಾಂಕ್ ಒಲ್ಲೆ ಎಂದಿತೋ, ಕಾರ್ಡಿನ ದುಡ್ಡು ಕಾರ್ಡಿನಲ್ಲೇ ಉಳಿಯಿತು, ಆರ್ಡರ್ ಮುರಿದುಬಿತ್ತು. ವಾಲೆಟ್ಟಿನ ದುಡ್ಡು ಮಾತ್ರ ಹೊರಟಾಗಿದೆ. ಅದು ಗಿರಾಕಿಯ ಹತ್ತಿರವೂ ಇಲ್ಲ, ಸಾಮಾನಿಗೂ ಸೇರಿಲ್ಲ. ಅಂಗಡಿಯೊಳಗಿನ ಒಂದು ನಡುಖಾತೆಯಲ್ಲಿ ನೇತಾಡುತ್ತಿರುತ್ತದೆ. ಆ ಖಾತೆಗೆ ನಾಲ್ಕನೇ ಮಹಡಿಯವರು ತ್ರಿಶಂಕು ಎಂದು ಹೆಸರಿಟ್ಟಿದ್ದರು.

ತ್ರಿಶಂಕುವಿನಿಂದ ಇಳಿಸಲು ಯಾರೂ ಬೆರಳೆತ್ತಬೇಕಿಲ್ಲ. ಬ್ಯಾಂಕ್ ಕೆಲವೊಮ್ಮೆ ಮೊದಲು ಇಲ್ಲ ಎಂದು ಆಮೇಲೆ ಹೂಂ ಎನ್ನುವುದುಂಟು. ಆ ಕೊನೆಯ ಉತ್ತರಕ್ಕಾಗಿ ಯಂತ್ರ ಇಪ್ಪತ್ತನಾಲ್ಕು ಗಂಟೆ ಕಾಯುತ್ತದೆ. ಹೂಂ ಬರಲಿಲ್ಲವೋ, ದುಡ್ಡನ್ನು ತಾನೇ ವಾಲೆಟ್ಟಿಗೆ ಮರಳಿಸುತ್ತದೆ. ಆದರೆ ಅದರ ಮೇಲೆ ದೂರು ದಾಖಲಾಗಿದ್ದರೆ ಯಂತ್ರ ಮುಟ್ಟುವುದಿಲ್ಲ. ಯಂತ್ರ ಒಂದು ಸಲ, ಮನುಷ್ಯ ಒಂದು ಸಲ, ಎರಡೆರಡು ಬಾರಿ ಕೊಟ್ಟುಬಿಟ್ಟಾರೆಂಬ ಹೆದರಿಕೆ. ದೂರು ಬಿದ್ದ ದುಡ್ಡನ್ನು ಮೂರನೇ ಮಹಡಿಯಲ್ಲಿ ಮನುಷ್ಯರೇ ಕೂತು ನೋಡಬೇಕು. ಅದಕ್ಕೆ ಏಳು ಕೆಲಸದ ದಿನ.

ಅಂದರೆ ದೂರು ಕೊಡದವನಿಗೆ ಮಾರನೇ ದಿನ ದುಡ್ಡು, ಕೊಟ್ಟವನಿಗೆ ವಾರ ಕಳೆದ ಮೇಲೆ! ಇದು ನಾಲ್ಕನೇ ಮಹಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಪ್ತಾಹಳಿಗೆ ಎಲ್ಲರಿಗಿಂತ ಮೊದಲು ಗೊತ್ತಾಗಿತ್ತು.

ಮೊದಲ ವರ್ಷ ಅವಳೂ ನ್ಯಾಯವಾಗಿ ಹೇಳಿದ್ದಳು. "ಏನೂ ಮಾಡ್ಬೇಡಿ, ನಾಳೆ ಇಷ್ಟೊತ್ತಿಗೆ ತಾನಾಗೇ ಬರುತ್ತೆ." ಜನ ಉರಿದುಬಿದ್ದರು. ಏನೂ ಮಾಡಬೇಡಿ ಅನ್ನೋಕೆ ನಿಮಗೆ ಸಂಬಳ ಬೇರೆ ಕೊಡ್ತಾರಾ ಎಂದು ಕೇಳಿದರು. ಕರೆ ಮುಗಿದ ಮೇಲೆ ಬರುವ ಪ್ರಶ್ನೆಗೆ ಒಂದೇ ಒಂದು ಸ್ಟಾರ್ ಒತ್ತಿದರು. ಅದೇ ಒಂದು ದೂರು ದಾಖಲಿಸಿ, ಹದಿಮೂರು ಅಂಕಿಯ ನಂಬರು ಕೊಟ್ಟು, "ನಾನೇ ಖುದ್ದಾಗಿ ನೋಡ್ಕೋತೀನಿ" ಎಂದರೆ ಐದು ಸ್ಟಾರ್. ನಂಬರು ಕೈಗೆ ಬಂದರೆ ದುಡ್ಡೇ ಬಂದಷ್ಟು ಸಮಾಧಾನ ಜನಕ್ಕೆ. ಐದು ಸ್ಟಾರಿಗೆ ತಿಂಗಳ ಕೊನೆಗೆ ಇನ್ಸೆಂಟಿವ್. ಅವಳೇನು ದಡ್ಡಿಯೇ? ಎರಡನೇ ವರ್ಷದಿಂದ ಎಲ್ಲರಿಗೂ ನಂಬರು ಕೊಟ್ಟಳು. ಮೂರು ಸಲ ಅತ್ಯುತ್ತಮ ಉದ್ಯೋಗಿ ಎಂದು ಸರ್ಟಿಫಿಕೇಟ್ ಬಂತು.

ಆ ಸರ್ಟಿಫಿಕೇಟುಗಳಿಗೆ ಕಟ್ಟು ಹಾಕಿಸಿ ಗೋಡೆಗೆ ಹೊಡೆದವಳು ಅವಳ ಅಕ್ಕ. ಮನೆಯ ಗೋಡೆಗಲ್ಲ, ಅಂಗಡಿಯ ಗೋಡೆಗೆ. ಅಕ್ಕನದು ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ. ಮುಂದೆ ಇಸ್ತ್ರಿ ಮೇಜು, ಹಿಂದೆ ಒಗೆಯುವ ಮನೆ, ಮೇಲಿನ ಒಂದೂವರೆ ಕೋಣೆಯಲ್ಲಿ ಅಕ್ಕ ತಂಗಿಯರ ಸಂಸಾರ. ಅಮ್ಮ ಸತ್ತಾಗ ತಂಗಿಗೆ ಆರು, ಅಕ್ಕನಿಗೆ ಹದಿನೇಳು. ಅಕ್ಕ ಮದುವೆಯಾಗಲಿಲ್ಲ. ಆಗಲಿಲ್ಲ ಅನ್ನುವುದಕ್ಕಿಂತ, ನೋಡಲು ಬಂದವರೆಲ್ಲ ಈ ಬಾಲ ಬೇಡ ಎಂದು ತಂಗಿಯನ್ನು ತೋರಿಸಿದರು, ಅಕ್ಕ ಅವರಿಗೆ ಬಾಗಿಲು ತೋರಿಸಿದಳು. ತಂಗಿಯನ್ನು ಡಿಗ್ರಿ ಓದಿಸಿದ್ದು ಪರರ ಅಂಗಿಯ ಕಾಲರು ತಿಕ್ಕಿ. ಗಿರಾಕಿಗಳು ಬಂದಾಗ ಗೋಡೆಯತ್ತ ಗದ್ದ ಎತ್ತಿ, "ನಮ್ಮೋಳು. ದೊಡ್ಡ ಕಂಪನಿ. ಜನರ ಕಷ್ಟ ಕೇಳೋ ಕೆಲಸ" ಎನ್ನುತ್ತಿದ್ದಳು. ಹಾಗೆನ್ನುವಾಗ ಸಪ್ತಾಹ ಅಲ್ಲಿದ್ದರೆ ಏನಾದರೂ ನೆಪ ಹೇಳಿ ಒಳಗೆ ಹೋಗುತ್ತಿದ್ದಳು.

ಆ ವರ್ಷ ಅಕ್ಕನ ಒಗೆಯುವ ಮೆಷಿನ್ ಕೆಟ್ಟು ಕೂತಿತು. ರಿಪೇರಿಯವನು ಒಳಗೆ ಇಣುಕಿ, "ಅಮ್ಮಾ, ಇದಕ್ಕೆ ಖರ್ಚು ಮಾಡೋದೂ ಒಂದೇ, ಹೆಣಕ್ಕೆ ಸಿಂಗಾರ ಮಾಡೋದೂ ಒಂದೇ" ಎಂದು ಹೇಳಿ ಹೋದ. ಅದೇ ವಾರ, ಮೂರು ಬೀದಿ ಆಚೆಗಿನ ಲಾಡ್ಜಿನ ಮ್ಯಾನೇಜರ್ ಬಂದು, ಅರವತ್ತು ಕೋಣೆಗಳ ಹಾಸಿಗೆ ಬಟ್ಟೆ ಒಗೆಯುವ ಕೆಲಸ ಕೊಡುತ್ತೇನೆಂದ. ವರ್ಷದ ಒಪ್ಪಂದ. ಶನಿವಾರ ಸಂಜೆ ಮೊದಲ ಗಂಟು ಕಳಿಸುತ್ತೇನೆ, ಸೋಮವಾರ ಬೆಳಿಗ್ಗೆ ಒಗೆದು ಒಣಗಿಸಿ ಕೊಡಬೇಕು, ನೋಡಿ ಸಹಿ ಹಾಕುತ್ತೇನೆ ಎಂದ. ಮೂವತ್ತು ವರ್ಷ ಬಿಡಿ ಬಟ್ಟೆ ಒಗೆದ ಅಕ್ಕನಿಗೆ ಅಂಥ ಮಾತನ್ನು ಯಾರೂ ಆಡಿರಲಿಲ್ಲ.

ದೊಡ್ಡ ಮೆಷಿನ್ನಿಗೆ ಅರವತ್ತು ಸಾವಿರ. ನಲವತ್ತು ವಾಲೆಟ್ಟಿನಲ್ಲಿತ್ತು. ಉದ್ಯೋಗಿಗಳ ಮನೆಯವರು ವಾಲೆಟ್ಟಿಗೆ ತುಂಬಿದರೆ ನೂರಕ್ಕೆ ಐದು ಹೆಚ್ಚು ಸಿಗುತ್ತದೆಂದು ಸಪ್ತಾಹಳೇ ಆಸೆ ಹಚ್ಚಿ, ಎರಡು ವರ್ಷದಿಂದ ಇಬ್ಬರ ಉಳಿತಾಯವನ್ನೂ ಅಲ್ಲೇ ಹಾಕಿಸಿದ್ದಳು. ಒಳಗೆ ಹೋದ ದುಡ್ಡು ಆ ಅಂಗಡಿಯಲ್ಲೇ ಖರ್ಚಾಗಬೇಕು, ಬ್ಯಾಂಕಿಗೆ ಹಿಂದಿರುಗುವುದಿಲ್ಲ. ಆದರೇನು, ಹೇಗೂ ಮೆಷಿನ್ ಕೊಳ್ಳುವುದೇ ತಾನೇ? ಉಳಿದ ಇಪ್ಪತ್ತು ಅಕ್ಕನ ಕಾರ್ಡಿನಲ್ಲಿತ್ತು. ಅದರಾಚೆ ಇಬ್ಬರ ಹತ್ತಿರವೂ ಬಾಡಿಗೆಗೆ ತೆಗೆದಿಟ್ಟದ್ದು ಬಿಟ್ಟು ಏನೂ ಇರಲಿಲ್ಲ. ಶುಕ್ರವಾರದೊಳಗೆ ಆರ್ಡರ್ ಮಾಡಿದರೆ ಭಾನುವಾರ ಬೆಳಿಗ್ಗೆ ಮೆಷಿನ್ ಮನೆಗೆ.

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಅಕ್ಕ ಒಬ್ಬಳೇ ಕೂತು ಆರ್ಡರ್ ಮಾಡಿದಳು. ತಂಗಿ ಬರುವಷ್ಟರಲ್ಲಿ ಮಾಡಿ ಮುಗಿಸಿ ಬೆರಗುಗೊಳಿಸಬೇಕೆಂಬ ಹುಮ್ಮಸ್ಸು. ವಾಲೆಟ್ಟಿನಿಂದ ನಲವತ್ತು ಹೋಯಿತು. ಬ್ಯಾಂಕಿನ ಕೋಡ್ ಬಂತು. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಬಟ್ಟೆ ಎಣಿಸಿಕೊಳ್ಳಿ ಎಂದ. ಎಣಿಸಿ, ಕೈ ಒರೆಸಿ, ಕನ್ನಡಕ ಹುಡುಕಿ ಕೋಡ್ ಒತ್ತುವಷ್ಟರಲ್ಲಿ ಸಮಯ ಮುಗಿದಿತ್ತು. ಕಾರ್ಡಿನ ಇಪ್ಪತ್ತು ಕಾರ್ಡಿನಲ್ಲೇ, ನಲವತ್ತು ತ್ರಿಶಂಕುವಿನಲ್ಲಿ. ಅಕ್ಕ ತಂಗಿಗೆ ಫೋನ್ ಮಾಡಿದಳು. ತಂಗಿಯ ಫೋನ್ ಕಬ್ಬಿಣದ ಗೂಡಿನಲ್ಲಿ ಬಡಿದುಕೊಂಡು ಸುಮ್ಮನಾಯಿತು. ಆಗ ಅಕ್ಕ ಎಲ್ಲರಂತೆ ದೂರಿನ ನಂಬರಿಗೆ ಫೋನ್ ಮಾಡಿದಳು.

ಅದನ್ನು ಎತ್ತಿದವಳು ಟೀಚರಮ್ಮ. ಶಾಲೆಯೊಂದು ಮುಚ್ಚಿ ಕೆಲಸ ಕಳೆದುಕೊಂಡು ಎರಡು ತಿಂಗಳ ಹಿಂದೆ ಸೇರಿದವಳು, ನಲವತ್ತು ದಾಟಿದ ಹೆಂಗಸು. ಅವಳಿಗೆ ಕೆಲಸ ಕಲಿಸಿದ್ದು ಸಪ್ತಾಹ. ಟೀಚರಮ್ಮ ಎಲ್ಲವನ್ನೂ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಬರೆದುಕೊಂಡಂತೆಯೇ ಮಾಡಿದಳು. ದೂರು ದಾಖಲಿಸಿದಳು, ನಂಬರು ಕೊಟ್ಟಳು, ನಾನೇ ಖುದ್ದಾಗಿ ನೋಡ್ಕೋತೀನಿ ಎಂದಳು. ಒಂದು ಗಳಿಗೆಯಲ್ಲಿ ಐದು ಸ್ಟಾರ್ ಬಂತು.

ಸಂಜೆ ಏಳೂವರೆಗೆ ಸಪ್ತಾಹ ಮನೆಗೆ ಬಂದಾಗ ಅಕ್ಕ ನಗುನಗುತ್ತಲೇ ಎಲ್ಲವನ್ನೂ ಹೇಳಿದಳು. "ನಾನು ಯಾರು ಅಂತ ಹೇಳಲೇ ಇಲ್ಲ ಕಣೇ. ನನ್ನ ತಂಗಿ ನಿಮ್ಮಲ್ಲೇ ಇದಾಳೆ ಅಂತ ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ. ಆದ್ರೂ ಎಷ್ಟು ಚೆನ್ನಾಗಿ ಮಾತಾಡಿದ್ಲು ಗೊತ್ತಾ? ನಿನ್ನ ಹಾಗೇ."

"ನಂಬರ್ ಕೊಟ್ರಾ?"

"ಕೊಡದೆ? ಇಗೋ." ಅಕ್ಕ ಇಸ್ತ್ರಿ ಚೀಟಿಯ ಹಿಂದೆ ಹದಿಮೂರು ಅಂಕಿಗಳನ್ನೂ ಗುಂಡಗೆ ಬರೆದಿಟ್ಟಿದ್ದಳು. "ಏಳು ದಿನ ಅಂದ್ಲು. ಅದೊಂದೇ ಯೋಚನೆ. ನೀನು ಸ್ವಲ್ಪ ಹೇಳಿ ಬೇಗ ಮಾಡ್ಸು."

ಇನ್ನೂ ದಾರಿಯಿತ್ತು. ದೂರು ಕೊಟ್ಟವರೇ ಫೋನ್ ಮಾಡಿ ಹಿಂತೆಗೆದುಕೊಂಡರೆ ದುಡ್ಡು ಮತ್ತೆ ಯಂತ್ರದ ಸರದಿಗೆ ಸೇರುತ್ತದೆ, ಇಪ್ಪತ್ತನಾಲ್ಕು ಗಂಟೆ ಹೊಸದಾಗಿ ಶುರು. ಈಗಲೇ ಮಾಡಿದರೆ ಶುಕ್ರವಾರ ರಾತ್ರಿ ಎಂಟಕ್ಕೆ ದುಡ್ಡು. ಆಗ ಆರ್ಡರ್ ಮಾಡಿದರೂ ಭಾನುವಾರ ಮೆಷಿನ್.

"ಅಕ್ಕ, ಈಗ್ಲೇ ಫೋನ್ ಮಾಡಿ ದೂರು ವಾಪಸ್ ತಗೋ."

"ಅಯ್ಯೋ, ಯಾಕೆ? ನಲವತ್ತು ಸಾವಿರಕ್ಕೆ ನನ್ನ ಹತ್ರ ಇರೋದೇ ಇದೊಂದು ನಂಬರು. ಅದನ್ನೂ ಬಿಟ್ಟುಕೊಡ್ಲಾ?"

"ವಾಪಸ್ ತಗೊಂಡ್ರೆ ಬೇಗ ಬರುತ್ತೆ."

"ದೂರು ಕೊಟ್ರೆ ತಡ, ಕೊಡದಿದ್ರೆ ಬೇಗ! ಇದ್ಯಾವ ಊರ ನ್ಯಾಯನೇ? ಹಾಗಿದ್ರೆ ಆಯಮ್ಮ ಯಾಕೆ ತಗೊಂಡ್ಲು? ಅಷ್ಟು ಒಳ್ಳೆಯೋಳು ಸುಳ್ಳು ಹೇಳ್ತಾಳಾ?"

ಉತ್ತರ ನಾಲಗೆಯ ಮೇಲಿತ್ತು. ಹೇಳ್ತಾಳೆ ಅಕ್ಕ, ಸ್ಟಾರಿಗೋಸ್ಕರ ಹೇಳ್ತಾಳೆ, ಹೇಳಿಕೊಟ್ಟೋಳು ನಾನೇ, ಹತ್ತು ವರ್ಷದಿಂದ ಸಾವಿರಾರು ಜನಕ್ಕೆ ಹೀಗೇ ಮಾಡಿದೀನಿ, ನಿನ್ನ ಗೋಡೆ ಮೇಲೆ ತೂಗುಹಾಕಿರೋದು ಅದನ್ನೇ. ಇಷ್ಟು ಅಂದಿದ್ದರೆ ಮುಗಿದಿತ್ತು. ಅಕ್ಕ ಬೈಯುತ್ತಿದ್ದಳು, ಒಂದು ಬಿಡುತ್ತಲೂ ಇದ್ದಳೇನೋ, ಆದರೆ ಫೋನ್ ಮಾಡುತ್ತಿದ್ದಳು. ಸಪ್ತಾಹ ಅಕ್ಕನ ಮುಖ ನೋಡಿದಳು. ಆ ಮುಖದಲ್ಲಿದ್ದ ಹೆಮ್ಮೆಯನ್ನು ನೋಡಿದಳು. ಅದಿಲ್ಲದೆ ಈ ಮನೆಯಲ್ಲಿ ತಾನು ಏನು ಎಂದು ಹೆದರಿದಳು.

"ಸರಿ ಬಿಡು, ನಾಳೆ ನಾನೇ ಆಫೀಸಲ್ಲಿ ನೋಡ್ತೀನಿ" ಎಂದಳು. ಅವಳ ದನಿ ಕೆಲಸದ ದನಿಯಷ್ಟೇ ಮೆತ್ತಗಿತ್ತು. ಅಕ್ಕ ನಿಶ್ಚಿಂತೆಯಿಂದ ಊಟಕ್ಕೆ ಬಡಿಸಿದಳು.

ಶುಕ್ರವಾರ ಬೆಳಿಗ್ಗೆ ಅವಳು ಮೊದಲು ಹೋದದ್ದು ಟೀಚರಮ್ಮನ ಹತ್ತಿರ. ಟೀಚರಮ್ಮ ಕನ್ನಡಕ ಏರಿಸಿಕೊಂಡು ನೋಟ್‌ಬುಕ್ ತೆಗೆದಳು.

"ನಾನಾಗಿ ಹಿಂತೆಗೆಯೋಕೆ ಬರಲ್ಲ ಮೇಡಂ. ಗಿರಾಕಿನೇ ಫೋನಲ್ಲಿ ಹೇಳ್ಬೇಕು, ರೆಕಾರ್ಡ್ ಆಗ್ಬೇಕು. ಅದೂ ಅಲ್ದೆ, ಹಿಂತೆಗೆದ ದೂರಿಗೆ ಸ್ಟಾರ್ ಹೋಗುತ್ತೆ, ಹೆಸರಿಗೆ ಕಪ್ಪು ಚುಕ್ಕೆ ಬೀಳುತ್ತೆ. ನೋಡಿ, ನೀವೇ ಹೇಳಿದ್ದು." ಅವಳು ಬೆರಳಿಟ್ಟು ಓದಿದಳು. "'ಫೋನಲ್ಲಿ ಅಳೋರೆಲ್ಲ ನಿನ್ನ ಅಕ್ಕತಂಗಿಯರಲ್ಲ. ಕರುಣೆ ಬಂದ್ರೆ ನೀರು ಕುಡಿ, ದೂರು ಮಾತ್ರ ಹಿಂತೆಗೀಬೇಡ.' ಅಂಡರ್‌ಲೈನ್ ಬೇರೆ ಮಾಡಿದೀನಿ."

ಪಕ್ಕದವರು ನಕ್ಕರು. ಸಪ್ತಾಹಳೂ ನಕ್ಕಳು, ನಗದಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಇಷ್ಟು ವರ್ಷ ಅವಳು ಬೆಕ್ಕಾಗಿದ್ದಳು.

ಆಮೇಲೆ ಮೇಲ್ವಿಚಾರಕನ ಗಾಜಿನ ಕೋಣೆಗೆ ಹೋದಳು. ಅವನು ಕೆಟ್ಟವನಲ್ಲ. ಕಂಪ್ಯೂಟರಿನಲ್ಲಿ ನೋಡಿ, "ಹೌದು, ನಿಮ್ಮಕ್ಕನ ನಲವತ್ತು ಇಲ್ಲೇ ಇದೆ. ಬ್ಯಾಂಕಿನೋರು ಕಾರ್ಡಿಂದ ಏನೂ ತಗೊಂಡಿಲ್ಲ ಅಂತ ಬೆಳಿಗ್ಗೇನೇ ಹೇಳಿಯಾಗಿದೆ. ದೂರೊಂದು ಇಲ್ದಿದ್ರೆ ಇವತ್ತು ಮೂರು ಗಂಟೆಗೆ ತಾನಾಗೇ ಹೋಗ್ತಿತ್ತು" ಎಂದ. "ನಾನು ಕೈಯಾರೆ ಬಿಡಿಸಬಹುದು, ಹತ್ತು ನಿಮಿಷದ ಕೆಲಸ. ಆದ್ರೆ ನಿಮ್ಮ ಮನೆಯೋರದ್ದು, ನಾಳೆ ಯಾರಾದ್ರೂ ನನ್ನ ಕೇಳ್ತಾರೆ. ಈ ಫಾರಂ ತುಂಬಿಕೊಡಿ." ಒಂದೇ ಹಾಳೆ. ಅದರಲ್ಲಿ ಒಂದು ಸಾಲು: ಅನಗತ್ಯವಾಗಿ ದೂರು ದಾಖಲಾಗಿದ್ದರೆ, ಏಕೆ?

"ಏನ್ ಬರೀಲಿ ಇಲ್ಲಿ?"

"ನಿಜ ಬರೀರಿ. ಮೇಲಿನೋರು ಆಯಮ್ಮನ ಕರೆಗಳನ್ನ ತೆಗೆದು ಕೇಳ್ತಾರೆ. ಯಾರು ಕಲಿಸಿದ್ದು ಅಂತ ನೋಡ್ತಾರೆ. ಅಷ್ಟೇ." ಅವನು ಸ್ವಲ್ಪ ತಡೆದು ಹೇಳಿದ. "ಅಂದ ಹಾಗೆ, ಸೋಮವಾರ ಬಡ್ತಿ ಪಟ್ಟಿ ಬರುತ್ತೆ. ಈ ಕುರ್ಚಿಗೆ ನಿಮ್ಮ ಹೆಸರೇ ಹೋಗಿದೆ. ನಾನು ಆರನೇ ಮಹಡಿಗೆ."

ಅವಳು ಹಾಳೆಯನ್ನು ಮೇಜಿಗೆ ತಂದಳು. ಪೆನ್ನು ತೆಗೆದಳು. ಹನ್ನೊಂದು ವರ್ಷ, ಎಂಬತ್ತು ಕರೆ, ಇನ್ನು ಮೇಲೆ ಹೆಡ್‌ಫೋನ್ ಇಲ್ಲದ ಕೆಲಸ. ಬಡ್ತಿಯಾದರೆ ಸಂಬಳ ಹೆಚ್ಚುತ್ತದೆ, ಅಕ್ಕನಿಗೆ ಆರು ತಿಂಗಳಲ್ಲಿ ಇದಕ್ಕಿಂತ ಒಳ್ಳೆಯ ಮೆಷಿನ್ ಕೊಡಿಸಬಹುದು ಎಂದು ಲೆಕ್ಕ ಹಾಕಿದಳು. ತನ್ನ ಹೇಡಿತನಕ್ಕೆ ಅಕ್ಕನ ಹೆಸರನ್ನೇ ಅಡ್ಡ ಹಿಡಿದಳು! ಮೂರು ಗಂಟೆಯಾಯಿತು. ಐದಾಯಿತು. ಹಾಳೆಯನ್ನು ನಾಲ್ಕಾಗಿ ಮಡಚಿ ಚೀಲದಲ್ಲಿಟ್ಟುಕೊಂಡು ಮನೆಗೆ ಹೋದಳು.

"ಏನಂದ್ರೇ?" ಎಂದಳು ಅಕ್ಕ.

"ನೋಡ್ತಿದಾರೆ ಅಕ್ಕ. ರೂಲ್ಸು."

"ಹೋಗ್ಲಿ ಬಿಡು, ನಿನಗೆ ತೊಂದರೆ ಆಗೋದಾದ್ರೆ ಬೇಡ. ಕೈ ಇಲ್ವಾ? ಮೆಷಿನ್ ಬರೋಕೆ ಮುಂಚೆ ನಾನೇ ತಾನೇ ಮೆಷಿನ್ ಆಗಿದ್ದೋಳು."

ಶನಿವಾರ ಸಂಜೆ ಲಾಡ್ಜಿನಿಂದ ಗಂಟುಗಳು ಬಂದವು. ನೂರಿಪ್ಪತ್ತು ಹಾಸು, ಅಷ್ಟೇ ದಿಂಬಿನ ಚೀಲ. ಭಾನುವಾರ ನಸುಕಿಗೇ ಅಕ್ಕ ತಂಗಿಯರು ಒಗೆಯುವ ಮನೆಗೆ ಇಳಿದರು. ಬಿಳಿ ಬಟ್ಟೆ, ಲಾಡ್ಜಿನ ಕಲೆಗಳು. ಸುಡುವ ನೀರಿಗೆ ಸೋಡಾ, ಬ್ಲೀಚಿಂಗ್ ಇಲ್ಲದೆ ಹೋಗುವಂಥವಲ್ಲ. ರಬ್ಬರ್ ಗ್ಲೌಸು ಒಂದೇ ಜೊತೆ ಇತ್ತು. ಅಕ್ಕ ಅದನ್ನು ತಂಗಿಯ ಮಡಿಲಿಗೆ ಎಸೆದಳು.

"ನೀನು ಹಾಕ್ಕೋ. ನಿನ್ನದು ಕಂಪ್ಯೂಟರ್ ಒತ್ತೋ ಕೈ."

"ಬೇಡ ಅಕ್ಕ, ನೀನು ಹಾಕ್ಕೋ."

"ಹಾಕ್ಕೊಳ್ಳೇ ಅಂದ್ರೆ! ನನ್ನದು ಕೈಯಲ್ಲ, ಕೊರಡು."

ಸಪ್ತಾಹ ಹಾಕಿಕೊಂಡಳು. ಸಂಜೆಯ ಹೊತ್ತಿಗೆ ಅಕ್ಕನ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿ, ಚರ್ಮ ಸುಲಿದು, ಹಿಂಡಿದ ಹಾಸುಗಳ ಮೇಲೆ ತೆಳುಗೆಂಪು ಗೆರೆ ಬೀಳಲು ಶುರುವಾಯಿತು. ಆ ಹಾಸುಗಳನ್ನು ಅಕ್ಕ ಬೈದುಕೊಳ್ಳುತ್ತ ಮತ್ತೆ ನೀರಿಗೆ ಹಾಕಿದಳು. ಒಣಗಿಸಲು ಜಾಗ ಸಾಲಲಿಲ್ಲ. ಮೆಟ್ಟಿಲು, ಕಿಟಕಿ, ಮಂಚ, ಗೋಡೆಯ ಸರ್ಟಿಫಿಕೇಟುಗಳ ಮೊಳೆಗಳಿಗೂ ಹಗ್ಗ ಕಟ್ಟಿದರು.

ಸೋಮವಾರ ಮ್ಯಾನೇಜರ್ ಬಂದು ಒಂದು ಹಾಸು ಎತ್ತಿ ಮೂಸಿದ. ಇನ್ನೊಂದನ್ನು ಕೆನ್ನೆಗೆ ಒತ್ತಿ ನೋಡಿದ. "ಒಳಗಡೆ ಒದ್ದೆ ಇದೆಯಮ್ಮ. ಮುಗ್ಗಲು ವಾಸನೆ. ಇದೇನಿದು ಮೂಲೇಲಿ, ರಕ್ತಾನಾ?" ಅಕ್ಕ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಇನ್ನೊಂದು ವಾರ ಕೊಡಿ, ಮೆಷಿನ್ ಬರುತ್ತೆ, ನನ್ನ ಹತ್ರ ನಂಬರ್ ಇದೆ ಎಂದು ಇಸ್ತ್ರಿ ಚೀಟಿ ತೋರಿಸಿದಳು. ಅವನು ಅದನ್ನು ಓದಲೂ ಇಲ್ಲ. ಒಪ್ಪಂದ ಮುಖ್ಯರಸ್ತೆಯ ದೊಡ್ಡ ಲಾಂಡ್ರಿಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅದೇ ಸೋಮವಾರ ಬಡ್ತಿ ಪಟ್ಟಿ ಬಂತು. ನಾಲ್ಕನೇ ಮಹಡಿಯವರು ಚಪ್ಪಾಳೆ ತಟ್ಟಿದರು. ಟೀಚರಮ್ಮ ಹೂಗುಚ್ಛ ಕೊಟ್ಟಳು.

ಮುಂದಿನ ಸೋಮವಾರ ಏಳು ಕೆಲಸದ ದಿನಗಳು ತುಂಬಿದವು. ಸಂಜೆ ಸಪ್ತಾಹ ಮನೆಗೆ ಬಂದಾಗ ಅಕ್ಕ ಇಸ್ತ್ರಿ ಮೇಜಿನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದಳು. ಎರಡೂ ಕೈಗೆ ಬ್ಯಾಂಡೇಜು. ಹುಣ್ಣು ಕೀವಾಗಿದೆ, ತಿಂಗಳುಗಟ್ಟಲೆ ನೀರು ಮುಟ್ಟಕೂಡದು ಎಂದಿದ್ದರು ಡಾಕ್ಟರು. ಇನ್ನು ಮೇಲೆ ಒಗೆಯುವುದಿಲ್ಲ ಎಂದು ಬಾಗಿಲಿಗೆ ಚೀಟಿ ಅಂಟಿಸಿಯಾಗಿತ್ತು. ಆದರೂ ಮುಖ ಅರಳಿತ್ತು.

"ಬಂತು ಕಣೇ! ನಲವತ್ತೂ ಬಂತು, ಒಂದು ಕಾಸೂ ಕಮ್ಮಿ ಇಲ್ಲ. ಹೇಳಿದ್ದ ದಿನಕ್ಕೇ! ಏನೇ ಹೇಳು, ನಿಮ್ಮ ಕಂಪನಿ ಮಾತಿಗೆ ತಪ್ಪಲ್ಲ."

"ಅಕ್ಕ..."

"ಮೆಷಿನ್ ಇನ್ನು ಯಾಕೆ ಬೇಕು, ಬಿಡು. ಅಲ್ಲಿಂದ ಬೇರೆ ಕಡೆಗೆ ತೆಗೆಯೋಕೂ ಬರಲ್ಲ ಅಲ್ವಾ? ನೀನು ದೊಡ್ಡ ಹುದ್ದೆಗೆ ಹೋಗಿದೀಯ, ಒಳ್ಳೆ ಕುರ್ಚಿ ಮೇಜು ತಗೋ." ಅಕ್ಕ ಮೊಣಕೈಯಿಂದ ಫೋನನ್ನು ತಂಗಿಯತ್ತ ತಳ್ಳಿದಳು. "ಇದೇನೋ ಮತ್ತೆ ಕೇಳ್ತಿದೆ ನೋಡು, ದುಡ್ಡು ಬಂದ ಮೇಲೂ ಸ್ಟಾರು ಒತ್ತು ಅಂತ. ಆಯಮ್ಮ ಪಾಪ ಖುದ್ದಾಗಿ ನೋಡ್ಕೊಂಡ್ಲಲ್ಲ, ಮರೆತರೆ ಪಾಪ ಬರುತ್ತೆ. ನನ್ನ ಬೆರಳು ಇದಕ್ಕೆ ಹತ್ತಲ್ಲ. ನೀನೇ ಒತ್ತು."

ಟೀಚರಮ್ಮ ಈಗ ಸಪ್ತಾಹಳ ಕೈಕೆಳಗೆ. ಟೀಚರಮ್ಮನ ಒಂದೊಂದು ಸ್ಟಾರೂ ಇನ್ನು ಮುಂದೆ ಸಪ್ತಾಹಳ ಲೆಕ್ಕಕ್ಕೇ ಸೇರುತ್ತದೆ. ಚೀಲದಲ್ಲಿ ನಾಲ್ಕಾಗಿ ಮಡಚಿದ ಹಾಳೆ ಇನ್ನೂ ಹಾಗೇ ಇತ್ತು. ಹೇಳಿಬಿಡಬೇಕೆಂದು ಅವಳು ಬಾಯಿ ತೆರೆದಳು. ತನ್ನ ನುಣುಪಾದ ಬೆರಳುಗಳನ್ನು ನೋಡಿಕೊಂಡು, ತನ್ನ ಮೇಲೆ ತನಗೇ ಹೇಸಿಗೆ ಹುಟ್ಟಿ, ಫೋನನ್ನು ಕೈಗೆತ್ತಿಕೊಂಡಳು.

"ಎಷ್ಟು ಒತ್ಲಿ ಅಕ್ಕ?"

"ಈ ಸಲ ಎಷ್ಟಿದೆ?"

"ಐದು."

"ಐದೂ ಒತ್ತು" ಎಂದಳು ಅಕ್ಕ.

ಅವಳು ಐದನ್ನೂ ಒತ್ತಿದಳು.